ತಾಮ್ರ ಕೇಳುವ ಹೆಚ್ಚುವರಿ ಶಾಖ

ಕಲಬುರಗಿಯ ಏಪ್ರಿಲ್‌ನಲ್ಲಿ ಊಟದ ನಂತರದ ತರಗತಿ ಯಾರಿಗೂ ಬೇಡ. ಆ ದಿನ ಆದರ್ಶ ಅನಿಲಕ್ಕೆ Cp − Cv = R ಎಂದು ಸಾಧಿಸಿ ಮುಗಿಸಿದ್ದೆ. ಒಂದು ಮೋಲ್ ವಸ್ತುವನ್ನು ಒಂದು ಡಿಗ್ರಿ ಬಿಸಿ ಮಾಡಲು, ಒತ್ತಡ ಸ್ಥಿರವಿದ್ದಾಗ ಬೇಕಾಗುವ ಶಾಖ Cp, ಗಾತ್ರ ಸ್ಥಿರವಿದ್ದಾಗ ಬೇಕಾಗುವುದು Cv; R ಎಂದರೆ ಅನಿಲ ಸ್ಥಿರಾಂಕ. ಒತ್ತಡವನ್ನು ಸ್ಥಿರವಾಗಿಟ್ಟು ಬಿಸಿ ಮಾಡಿದರೆ ಅನಿಲ ಹಿಗ್ಗಿ ಪಿಸ್ಟನ್ನನ್ನು ತಳ್ಳುತ್ತದೆ. ಆ ಕೆಲಸಕ್ಕಾಗಿ ಮೋಲ್‌ಗೆ, ಪ್ರತಿ ಡಿಗ್ರಿಗೆ 8.3 ಜೂಲ್ ಹೆಚ್ಚು ಕೊಡಬೇಕು. ಜೇವರ್ಗಿ ಕಡೆಯಿಂದ ಬರುವ ವಿದ್ಯಾರ್ಥಿನಿಯೊಬ್ಬಳು ಎದ್ದು ನಿಂತಳು. "ಸರ್, ತಾಮ್ರದ ತುಂಡು ಹಿಗ್ಗುವುದು ಕಣ್ಣಿಗೇ ಕಾಣುವುದಿಲ್ಲ. ಅದರಲ್ಲಿ ಈ ವ್ಯತ್ಯಾಸ ಇರುತ್ತದೆಯೇ?"

ಲೆಕ್ಕ ಹಾಕಿಯೇ ನೋಡೋಣ ಎಂದೆ. ಒಂದು ಮೋಲ್ ತಾಮ್ರದ ಗಾತ್ರ ಸುಮಾರು 7.1 ಘನ ಸೆಂಟಿಮೀಟರ್. ಒಂದು ಡಿಗ್ರಿ ಏರಿದರೆ ಅದು ಲಕ್ಷದಲ್ಲಿ ಐದು ಪಾಲಿನಷ್ಟು ಹಿಗ್ಗುತ್ತದೆ. ಹೊರಗಿನ ಗಾಳಿಯನ್ನು ಅಷ್ಟು ಸರಿಸಲು ಬೇಕಾಗುವ ಕೆಲಸ 0.00004 ಜೂಲ್ ಮಾತ್ರ. "ಹಾಗಾದರೆ ಎರಡೂ ಒಂದೇ" ಎಂದು ಹಿಂದಿನ ಬೆಂಚಿನವರು ತೀರ್ಮಾನಿಸಿಬಿಟ್ಟರು.

ಆಗ ಯಾವ ವಸ್ತುವಿಗೂ ಹೊಂದುವ ಸೂತ್ರವನ್ನು ಹಲಗೆಯ ಮೇಲೆ ಬರೆದೆ: Cp − Cv = TVα²B. T ಎಂದರೆ ಕೆಲ್ವಿನ್‌ನಲ್ಲಿ ತಾಪಮಾನ, V ಎಂದರೆ ಒಂದು ಮೋಲ್‌ನ ಗಾತ್ರ, α ಎಂದರೆ ಡಿಗ್ರಿಗೆ ಗಾತ್ರ ಹಿಗ್ಗುವ ಪ್ರಮಾಣ, B ಎಂದರೆ ಬಲ್ಕ್ ಮಾಡ್ಯುಲಸ್, ಅಂದರೆ ವಸ್ತು ಒತ್ತಡಕ್ಕೆ ಮಣಿಯದೆ ನಿಲ್ಲುವ ಬಿಗಿ. ಆದರ್ಶ ಅನಿಲಕ್ಕೆ α = 1/T, B ಎಂದರೆ ಅದರ ಒತ್ತಡ P; ಹಾಕಿ ನೋಡಿದರೆ R ತಾನಾಗಿಯೇ ಬರುತ್ತದೆ. ತಾಮ್ರದ B ಸುಮಾರು 137 ಗಿಗಾಪ್ಯಾಸ್ಕಲ್. 300 ಕೆಲ್ವಿನ್‌ನಲ್ಲಿ ಉತ್ತರ 0.7 ಜೂಲ್ ಬಂತು. ತಾಮ್ರದ Cp 24.4, ಹಾಗಾಗಿ Cv ಸುಮಾರು 23.7. ಗಾಳಿಯನ್ನು ತಳ್ಳುವ ಕೆಲಸಕ್ಕಿಂತ ಈ ವ್ಯತ್ಯಾಸ ಇಪ್ಪತ್ತು ಸಾವಿರ ಪಟ್ಟು ದೊಡ್ಡದು!

ತರಗತಿಯ ನಿದ್ದೆ ಹಾರಿದ್ದು ಆಗಲೇ. ಉಳಿದ ಶಾಖ ಹೋಗಿದ್ದೆಲ್ಲಿ? ಹೊರಗೆ ಎಲ್ಲಿಗೂ ಅಲ್ಲ. ಆದರ್ಶ ಅನಿಲದ ಅಣುಗಳ ನಡುವೆ ಆಕರ್ಷಣೆಯಿಲ್ಲ. ಅವು ದೂರ ಸರಿದರೆ ಆಂತರಿಕ ಶಕ್ತಿ ಬದಲಾಗದು, ಹೆಚ್ಚುವರಿ ಶಾಖವೆಲ್ಲ ಪಿಸ್ಟನ್ನಿನ ಪಾಲು. ತಾಮ್ರದ ಪರಮಾಣುಗಳು ಒಂದನ್ನೊಂದು ಗಟ್ಟಿಯಾಗಿ ಹಿಡಿದಿವೆ. ಅವುಗಳನ್ನು ಕೂದಲೆಳೆಗಿಂತ ಎಷ್ಟೋ ಕಡಿಮೆ ದೂರ ಸರಿಸಲೂ ಆ ಹಿಡಿತದ ವಿರುದ್ಧ ದುಡಿಯಬೇಕು. ಹಿಗ್ಗುವ ತಾಮ್ರ ನಿಜವಾಗಿ ಎದುರಿಸುವುದು ಒಂದು ವಾಯುಭಾರವನ್ನಲ್ಲ, ಒಳಗಿನ ಇಪ್ಪತ್ತು ಸಾವಿರ ವಾಯುಭಾರದಷ್ಟು ಸೆಳೆತವನ್ನು. ಪಠ್ಯಗಳು ಘನವಸ್ತುಗಳಲ್ಲಿ ವ್ಯತ್ಯಾಸ ಅತ್ಯಲ್ಪ ಎಂದು ಒಂದು ಸಾಲಿನಲ್ಲಿ ದಾಟಿಬಿಡುವುದು ನನಗೆ ಬೇಸರ ತರಿಸುತ್ತದೆ, ಸ್ವಾರಸ್ಯವಿರುವುದೇ ಅಲ್ಲಿ. ತೀರಾ ತಂಪಿನಲ್ಲಿ α ಸೊನ್ನೆಯತ್ತ ಇಳಿಯುವುದರಿಂದ ವ್ಯತ್ಯಾಸವೂ ಅಳಿಯುತ್ತದೆ ಎಂಬುದು ನಿಜ.

ಗಂಟೆ ಹೊಡೆದ ಮೇಲೂ ಆಕೆ ಬಿಡಲಿಲ್ಲ. "Cvಯನ್ನು ನೇರವಾಗಿ ಅಳೆಯಬಹುದೇ ಸರ್?" αB ಗುಣಿಸಲು ಹೇಳಿದೆ. ತಾಮ್ರ ಹಿಗ್ಗದಂತೆ ತಡೆಯಲು ಪ್ರತಿ ಡಿಗ್ರಿಗೆ ಸುಮಾರು 67 ವಾಯುಭಾರ ಒತ್ತಡ ಬೇಕು; ಹತ್ತು ಡಿಗ್ರಿ ಏರಿದರೆ 670. ಅದನ್ನು ತಡೆಯುವ ಪಾತ್ರೆ ತಾನೇ ಹಿಗ್ಗದೆ ನಿಲ್ಲಬೇಕಲ್ಲ! ಅದಕ್ಕೇ ಪ್ರಯೋಗಶಾಲೆಯಲ್ಲಿ Cp ಅಳೆದು, ಅದರಿಂದ TVα²B ಕಳೆದು Cv ಪಡೆಯುತ್ತಾರೆ.