ಆಷಾಢದ ನೆಪ

ಭಾನುವಾರ, 13 ಜುಲೈ 2025
ಬೆಂಗಳೂರು, ರಾತ್ರಿ

ಆಷಾಢದಲ್ಲಿ ಮದುವೆ ಮಾತು ಎತ್ತಬಾರದಂತೆ. ಇದನ್ನು ಹೇಳಿದ್ದು ನಮ್ಮಜ್ಜಿಯಲ್ಲ. ದೇವಸ್ಥಾನದ ಮುಂದೆ ಚಪ್ಪಲಿ ಕಾಯುತ್ತಾ ನಿಲ್ಲುವ, ರಾಹುಕಾಲ ಯಾವಾಗ ಅಂತಲೂ ಗೊತ್ತಿಲ್ಲದ ನನ್ನ ಹುಡುಗ. "ಆಷಾಢ ಮುಗೀಲಿ ತಗೋ, ಈಗ್ಯಾಕ ಅದೆಲ್ಲ" ಅಂದ. ಆಷಾಢ ಮುಗಿಯೋದು ಇದೇ 24ಕ್ಕೆ. ಆಮೇಲೆ ಏನು ನೆಪ ಸಿಗುತ್ತೋ ನೋಡಬೇಕು ಅಂತ ಮನಸ್ಸಲ್ಲೇ ಅಂದುಕೊಂಡೆ.

ಅವನು ಜಗಳ ಆಡುವವನಲ್ಲ. ಅದೇ ಕಷ್ಟ. ಜಗಳ ಆಡಿದ್ದರೆ ಏನು ಬೇಡ ಅನ್ನೋದಾದರೂ ಗೊತ್ತಾಗುತ್ತಿತ್ತು. ಮಾತು ಅತ್ತ ತಿರುಗಿದ ಕೂಡಲೇ ಅವನಿಗೆ ಬೈಕಿನ ಸರ್ವೀಸ್ ನೆನಪಾಗುತ್ತದೆ. ಇಲ್ಲಾ, "ಮಧ್ಯಾಹ್ನ ಏನು ಊಟ ಮಾಡಿದಿ?" ಅಂತ ತುಂಬಾ ಅಕ್ಕರೆಯಿಂದ ಕೇಳುತ್ತಾನೆ. ಆ ಅಕ್ಕರೆ ಸುಳ್ಳಲ್ಲ, ಅದೂ ನನಗೆ ಗೊತ್ತು. ಹಾಗಾಗಿ ನಾನೂ ಅನ್ನ ಸಾರು ಅಂತ ಉತ್ತರ ಕೊಟ್ಟಿರುತ್ತೇನೆ. ಮಾತು ಅಲ್ಲಿಗೆ ಹೋಗಿಬಿಟ್ಟಿರುತ್ತದೆ.

ಇತ್ತೀಚೆಗೆ ಒಂದು ವಿಷಯ ಗಮನಿಸಿದೆ. ಮದುವೆ ಅನ್ನೋ ವಿಷಯವೇ ಅವನಿಗೆ ಅಲರ್ಜಿ ಅಲ್ಲ. ಅವನ ಕಾಕಾನ ಮಗನ ಮದುವೆ ಬಗ್ಗೆ ಅರ್ಧ ಗಂಟೆ ಮಾತಾಡುತ್ತಾನೆ. ಕಲ್ಯಾಣ ಮಂಟಪದ ಬಾಡಿಗೆ ಎಷ್ಟು, ಒಂದು ಎಲೆಗೆ ಅಡುಗೆಯವರು ಎಷ್ಟು ಕೇಳಿದರು, ಬೀಗರು ಯಾವುದಕ್ಕೆ ಮುನಿಸಿಕೊಂಡರು, ಎಲ್ಲ ಬಾಯಲ್ಲಿದೆ. ನಮ್ಮಿಬ್ಬರ ಬಗ್ಗೆ ಕೂಡ ಮುಂದಿನ ಡಿಸೆಂಬರ್‌ನಲ್ಲಿ ಗೋಕರ್ಣಕ್ಕೆ ಹೋಗೋಣ ಅನ್ನುವಷ್ಟು ಮುಂದಿನ ಯೋಚನೆ ಇದೆ. ಮಾತು ನಿಲ್ಲುವುದು ಒಂದೇ ಜಾಗದಲ್ಲಿ. ನನ್ನ ಹೆಸರೂ ಅವನ ಅಪ್ಪನ ಹೆಸರೂ ಒಂದೇ ವಾಕ್ಯದಲ್ಲಿ ಬಂದಾಗ.

ಅವರು ಹಾವೇರಿ ಕಡೆಯ ಲಿಂಗಾಯತರು. ನಾವು ತುಮಕೂರಿನ ಒಕ್ಕಲಿಗರು. ನಮ್ಮಮ್ಮನಿಗೆ ಹೋದ ವರ್ಷವೇ ಹೇಳಿದ್ದೇನೆ. ಎರಡು ದಿನ ಮಾತು ಬಿಟ್ಟರು, ಮೂರನೇ ದಿನ "ಹುಡುಗನಿಗೆ ಕುಡಿಯೋ ಅಭ್ಯಾಸ ಇದೆಯಾ?" ಅಂತ ಕೇಳಿದರು. ಅಂದರೆ ನಮ್ಮ ಕಡೆ ಅರ್ಧ ದಾರಿ ಬಂದ ಹಾಗೆ. ಅವನ ಮನೆಯಲ್ಲಿ ನಾನು ಇನ್ನೂ "ಆಫೀಸಿನ ಫ್ರೆಂಡ್" ಕೂಡ ಅಲ್ಲ.

ಮಾರ್ಚ್‌ನಲ್ಲಿ ಒಮ್ಮೆ ಅವನು ಒಂದು ಕಾರಣ ಕೊಟ್ಟಿದ್ದ. ಜಾತಿ ಬೇರೆಯಾದರೆ ರಿಜಿಸ್ಟರ್ ಮದುವೆಯೇ ಗತಿ, ಅದಕ್ಕೆ ಒಂದು ತಿಂಗಳು ಮೊದಲು ನೋಟಿಸ್ ಹಾಕುತ್ತಾರೆ, ಊರಿಗೆಲ್ಲ ಗೊತ್ತಾಗುತ್ತೆ ಅಂತ. ಕಾರಣ ಸಿಕ್ಕಿದ್ದೇ ನನಗೆ ಖುಷಿ. ಕಾರಣ ಇದ್ದರೆ ಅದನ್ನು ವಿಚಾರಿಸಬಹುದಲ್ವಾ? ವಿಚಾರಿಸಿದೆ. ಅವನು ಹೇಳಿದ್ದು 1954ರ ವಿಶೇಷ ವಿವಾಹ ಕಾಯ್ದೆಯ ವಿಷಯ. ಅದರಲ್ಲಿ ನೋಟಿಸ್ ಕೊಟ್ಟು 30 ದಿನ ಕಾಯಬೇಕು, ನೋಟಿಸನ್ನು ಕಚೇರಿಯಲ್ಲಿ ಎಲ್ಲರಿಗೂ ಕಾಣುವ ಹಾಗೆ ಅಂಟಿಸುತ್ತಾರೆ. ನಾವು ಬೆಂಗಳೂರಿನಲ್ಲಿ ಅರ್ಜಿ ಹಾಕಿದರೂ, ಕಾಯಂ ವಿಳಾಸ ಬೇರೆ ಜಿಲ್ಲೆಯದಾದರೆ ಅದರ ಪ್ರತಿ ಅಲ್ಲಿಗೂ ಹೋಗುತ್ತದೆ, ಅಲ್ಲೂ ಅಂಟಿಸುತ್ತಾರೆ. ಹಾವೇರಿಯ ಕಚೇರಿ ಗೋಡೆಯ ಮೇಲೆ ನಮ್ಮಿಬ್ಬರ ಹೆಸರು. ಅವನ ಹೆದರಿಕೆ ಸುಮ್ನೆ ಹುಟ್ಟಿದ್ದಲ್ಲ.

ಆದರೆ ನಮಗೆ ಆ ಕಾಯ್ದೆಯ ಹಂಗೇ ಬೇಕಿಲ್ಲ. 1955ರ ಹಿಂದೂ ವಿವಾಹ ಕಾಯ್ದೆ ವೀರಶೈವರು, ಲಿಂಗಾಯತರು ಅಂತ ಹೆಸರು ಹಿಡಿದೇ ತನ್ನೊಳಗೆ ಸೇರಿಸಿಕೊಂಡಿದೆ. ಜಾತಿ ಬೇರೆಯಾದರೆ ಅದರಲ್ಲಿ ಅಡ್ಡಿ ಇಲ್ಲ. ಇಬ್ಬರಲ್ಲಿ ಒಬ್ಬರ ಕಡೆಯ ಶಾಸ್ತ್ರದ ಪ್ರಕಾರ ಮದುವೆಯಾಗಿ, ಆಮೇಲೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಮಾಡಿಸಿದರಾಯಿತು. ತಿಂಗಳ ನೋಟಿಸ್ ಇಲ್ಲ. ಇದನ್ನು ಎಷ್ಟು ಸಂಭ್ರಮದಿಂದ ಹೇಳಿದೆ ಅಂದರೆ, ಲಾಟರಿ ಹೊಡೆದವಳ ಹಾಗೆ. ಅವನು ಪೂರ್ತಿ ಕೇಳಿದ. "ಹೌದಾ? ಚಲೋ ಆತಲ್ಲ" ಅಂದ. ಆಮೇಲೆ ಫ್ರಿಜ್ಜಿನ ಬಾಗಿಲು ತೆಗೆದು, ಹಾಲು ಮುಗಿದಿದೆ, ತರ್ತೀನಿ ಅಂತ ಹೊರಟ. ಹಾಲು ಇತ್ತು. ಒಂದು ಪೂರ್ತಿ ಪ್ಯಾಕೆಟ್ಟು ಮುಂದೆಯೇ ಇತ್ತು.

ನನಗೆ ಅವತ್ತು ಗೊತ್ತಾಗಿದ್ದು ಇಷ್ಟು: ಅವನನ್ನು ತಡೆದಿದ್ದು ನೋಟಿಸ್ ಅಲ್ಲ. ನಿಜವಾಗಿ ಅದೇ ಅಡ್ಡ ಇದ್ದು ಅದು ಸರಿದಿದ್ದರೆ, ಒಂದು ಹೆಜ್ಜೆ ಮುಂದೆ ಬರಬೇಕಿತ್ತು. ಅಥವಾ "ಅದು ಸರಿ, ಆದರೆ ಇನ್ನೊಂದು ಐತಿ" ಅನ್ನಬೇಕಿತ್ತು. ಎರಡೂ ಆಗಲಿಲ್ಲ. ಹಾಗಂತ ಅವನಿಗೆ ನಾನು ಬೇಡ ಅಂತ ತೀರ್ಮಾನಿಸಿದರೆ ಅದೂ ಅವಸರವೇ. ಬಾಯಲ್ಲಿ ಬಂದ ಕಾರಣದ ಹಿಂದೆ, ಹೇಳೋಕೆ ನಾಚಿಕೆ ಆಗುವ ಇನ್ನೊಂದು ಕಾರಣ ಇರಬಹುದು.

ನನ್ನ ಕಸಿನ್ ಒಬ್ಬಳು ಸೈಕಾಲಜಿ ಎಂಎಸ್ಸಿ ಮಾಡಿದವಳು. ಅವಳ ಹತ್ತಿರ ಹೇಳಿಕೊಂಡಾಗ ಆಂಡ್ರ್ಯೂ ಕ್ರಿಸ್ಟೆನ್ಸನ್, ಕ್ರಿಸ್ಟೋಫರ್ ಹೀವಿ ಅನ್ನೋ ಇಬ್ಬರು ಅಮೆರಿಕದ ಸಂಶೋಧಕರ ಬಗ್ಗೆ ಹೇಳಿದಳು. ಗಂಡ ಹೆಂಡತಿಯರಲ್ಲಿ ಒಬ್ಬರು ಕೇಳುತ್ತಾ ಹೋಗೋದು, ಇನ್ನೊಬ್ಬರು ಜಾರಿಕೊಳ್ಳುತ್ತಾ ಹೋಗೋದು, ಇದರ ಮೇಲೆ ಅವರ 1990ರ ಒಂದು ಅಧ್ಯಯನ ಇದೆ. ಹೆಂಗಸರು ಪೀಡಿಸ್ತಾರೆ, ಗಂಡಸರು ಜಾರ್ಕೋತಾರೆ ಅಂತ ನಾವೆಲ್ಲ ಸಲೀಸಾಗಿ ಹೇಳಿಬಿಡುತ್ತೇವಲ್ಲ. ಅವರು ಯಾರಿಗೆ ಬದಲಾವಣೆ ಬೇಕು ಅನ್ನೋದನ್ನೂ ಸೇರಿಸಿ ನೋಡಿದರಂತೆ. ಹೆಂಡತಿಗೆ ಬೇಕಾದ ಬದಲಾವಣೆಯ ಬಗ್ಗೆ ಮಾತಾಡುವಾಗ ಹೆಂಡತಿ ಕೇಳೋದು, ಗಂಡ ಹಿಂದೆ ಸರಿಯೋದು ಜಾಸ್ತಿ. ಗಂಡನಿಗೆ ಬೇಕಾದ ಬದಲಾವಣೆಯ ಮಾತು ಬಂದಾಗ ಆ ವ್ಯತ್ಯಾಸ ಹಾಗೆ ಕಾಣಲಿಲ್ಲ. ಈಗಿರೋದೇ ಯಾರಿಗೆ ಸಾಕೋ ಅವರಿಗೆ ಆ ಮಾತು ಬೇಕಾಗಿಲ್ಲ.

ಇದು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಅವನಿಗೆ ಈಗ ಏನು ಕಮ್ಮಿ? ವಾರಕ್ಕೆ ನಾಲ್ಕು ದಿನ ನಾನು ಸಿಗುತ್ತೇನೆ. ಊರಲ್ಲಿ ಅಪ್ಪನ ಮುಂದೆ ಒಳ್ಳೆಯ ಮಗ. ಎರಡೂ ನಡೀತಿದೆ. ಕಾಯೋ ಕೆಲಸ ಮಾತ್ರ ಪೂರ್ತಿ ನನ್ನದು. ನನ್ನ ಗೆಳತಿಯರು "ಜಾಸ್ತಿ ಒತ್ತಡ ಹಾಕಬೇಡ ಕಣೆ, ಓಡಿ ಹೋಗ್ತಾನೆ" ಅಂತಾರೆ. ಕೇಳಿದಷ್ಟೂ ಜಾರುತ್ತಾನೆ ಅನ್ನೋದು ನಿಜ, ಒಪ್ಪಿಕೊಳ್ತೀನಿ. ಆದರೆ ಕೇಳದೆ ಇದ್ದ ತಿಂಗಳುಗಳಲ್ಲಿ ಅವನಾಗಿ ಎತ್ತಿದ್ದಾನಾ? ಇಲ್ಲವಲ್ಲ.

ನಿನ್ನೆ ಶನಿವಾರ. ಲಾಲ್‌ಬಾಗಿನಲ್ಲಿ ನಡೆಯುತ್ತಿದ್ದೆವು. ಎದುರುಬದುರು ಕೂತಾಗ ಅವನಿಗೆ ಮಾತು ಬರಲ್ಲ, ಪಕ್ಕಪಕ್ಕ ನಡೆಯುವಾಗ ಸ್ವಲ್ಪ ಬರುತ್ತದೆ. ಈ ಸಲ "ನಮ್ಮ ಮುಂದಿನ ಕಥೆ ಏನು" ಅಂತ ಕೇಳಲಿಲ್ಲ. ಅಷ್ಟು ದೊಡ್ಡ ಪ್ರಶ್ನೆಗೆ ಯಾರಾದರೂ ನೋಡೋಣ ಅಂತಲೇ ಅನ್ನೋದು. ಸಣ್ಣದು ಕೇಳಿದೆ. "ಊರಿಗೆ ಹೋದಾಗ ನಿಮ್ಮಪ್ಪನ ಹತ್ರ ನನ್ನ ಹೆಸರು ಹೇಳಿದೆ ಅಂತ ಇಟ್ಕೋ. ಅದಾದ ಹತ್ತು ನಿಮಿಷದಲ್ಲಿ ಮನೇಲಿ ಏನಾಗುತ್ತೆ?"

ಅವನು ಸುಮ್ಮನಾದ. ಆ ಮೌನ ತುಂಬಿಸೋದು ನನ್ನ ಚಾಳಿ. ಏನಾದರೂ ತಮಾಷೆ ಮಾಡಿ ಅವನನ್ನು ಪಾರು ಮಾಡಿಬಿಡುತ್ತೇನೆ. ನಿನ್ನೆ ಬಾಯಿ ಮುಚ್ಚಿಕೊಂಡು ನಡೆದೆ. ಕೆರೆ ದಂಡೆಗೆ ಬರೋವರೆಗೂ ಮಾತಿಲ್ಲ. ಆಮೇಲೆ ಅಂದ, "ಅಪ್ಪ ಬೈಯಂಗಿಲ್ಲ. ಎದ್ದು ಹೊಲಕ್ಕ ಹೋಗ್ತಾನ. ಅವ್ವ ಅಳ್ತಾಳ. ತಂಗಿ ಮದುವಿ ಇನ್ನೂ ಆಗಿಲ್ಲ, ಅವಳಿಗೆ ಗಂಡು ಸಿಗಾಂಗಿಲ್ಲ ಅಂತಾರ."

"ಅದಾದ ಮೇಲೆ?"

"ಅದು ಗೊತ್ತಿಲ್ಲ ನಂಗ. ಅಪ್ಪ ಪೂರ್ತಿ ಮಾತು ಬಿಟ್ರ, ನಾ ಅದನ್ನ ಹೆಂಗ್ ತಡ್ಕೋತೀನಿ ಗೊತ್ತಿಲ್ಲ. ಆ ಸಿಟ್ಟು ನಾಳೆ ನಿನ್ ಮ್ಯಾಲ ಬಂದ್ರ? ಅದರದ್ದ ಹೆದರಿಕಿ."

ಕೇಳೋಕೆ ಹಿತ ಅನ್ನಿಸಲಿಲ್ಲ. ಆದರೂ ಇಷ್ಟು ದಿನದಲ್ಲಿ ಅವನು ಹೇಳಿದ ಮೊದಲ ನಿಜವಾದ ಮಾತು ಇದು. ನೋಟಿಸ್, ಆಷಾಢ ಎಲ್ಲ ಹೊರಗಿನವು, ಯಾರೋ ಮಾಡಿಟ್ಟ ಅಡ್ಡಿಗಳು. ಇದು ಅವನ ಬಗ್ಗೆಯೇ ಅವನಿಗಿರುವ ಅನುಮಾನ. ನನ್ನ ಕಣ್ಣಿಗೆ ವ್ಯತ್ಯಾಸ ಕಂಡಿದ್ದು ಇಲ್ಲಿ. ಜಾರಿಕೊಳ್ಳುವಾಗ ಅವನ ಮಾತಿನಲ್ಲಿ ಅವನೇ ಇರುವುದಿಲ್ಲ, ಕಾಲ, ಕಾನೂನು, ಜನ ಇರುತ್ತಾರೆ. ನಿನ್ನೆ ಅವನಿದ್ದ. ನನಗೆ ಚೆಂದ ಕಾಣಬೇಕು ಅಂತ ಹೇಳಿದ್ದೂ ಅಲ್ಲ.

ಆದರೆ ಪ್ರಾಮಾಣಿಕವಾಗಿ ಗೊತ್ತಿಲ್ಲ ಅಂದವನೂ ವರ್ಷಗಟ್ಟಲೆ ಗೊತ್ತಿಲ್ಲ ಅಂತಲೇ ಇರಬಹುದು. ಒಂದು ಸಲ ಮನಸ್ಸು ಬಿಚ್ಚಿದ್ದಕ್ಕೆ ನಾನು ಕರಗಿ ಇನ್ನೆರಡು ವರ್ಷ ಕಾದರೆ, ಅವನಿಗೆ ಈಗಿರೋದೇ ಮುಂದುವರಿಯುತ್ತೆ. ಅದಕ್ಕೇ ತಂಗಿಯ ವಿಷಯ ಹಿಡಿದು ಕೇಳಿದೆ. ಗಂಡು ನೋಡ್ತಿದ್ದಾರಾ? ಇಲ್ಲ, ಅವಳು ಬಿಎಡ್ ಎರಡನೇ ವರ್ಷ, ಮುಗಿದ ಮೇಲೆ. ಅಂದರೆ ಅದಕ್ಕೆ ದಿನಾಂಕವೇ ಇಲ್ಲ. "ಅವಳ ಮದುವೆ ಆಗೋವರೆಗೂ ನಾವು ಮದುವೆ ಆಗೋದು ಬೇಡ, ಸರಿ. ಆದರೆ ಹೇಳೋದಕ್ಕೂ ಅವಳ ಮದುವೆ ಆಗಬೇಕಾ?" ಅಂದೆ. ಇವೆರಡೂ ಬೇರೆ ಬೇರೆ ಅನ್ನೋದು ಅವನಿಗೆ ನಿಜಕ್ಕೂ ಹೊಳೆದೇ ಇರಲಿಲ್ಲ ಅನ್ನಿಸಿತು. ತಲೆ ಕೆರೆದುಕೊಂಡ.

ಅಪ್ಪನಿಗೆ ನೇರ ಹೇಳೋಕಾಗಲ್ಲ, ದಾವಣಗೆರೆಯಲ್ಲಿರುವ ಅಕ್ಕನಿಗೆ ಮೊದಲು ಹೇಳ್ತೀನಿ ಅಂದ. ಅಕ್ಕನ ಹೆಸರು ತೆಗೆದಿದ್ದು ಅವನೇ. ಗೌರಿ ಹಬ್ಬಕ್ಕೆ ಅಕ್ಕ ತವರಿಗೆ ಬರ್ತಾಳೆ, ಅಷ್ಟರೊಳಗೆ ಅಂದ. ಹಬ್ಬ ಆಗಸ್ಟ್ 26ಕ್ಕೆ. ಅಲ್ಲಿವರೆಗೂ ನಾನು ಆ ವಿಷಯ ಎತ್ತಲ್ಲ ಅಂತ ಮಾತು ಕೊಟ್ಟಿದ್ದೇನೆ. ನೆನಪಿಸೋದೂ ಇಲ್ಲ. ಅವನಾಗಿ ಅಕ್ಕನಿಗೆ ಫೋನ್ ಮಾಡ್ತಾನಾ, ಏನಂದಳು ಅಂತ ಅವನಾಗಿ ಬಂದು ಹೇಳ್ತಾನಾ, ಅದನ್ನಷ್ಟೇ ನೋಡೋದು. ಅಕ್ಕ ಬೇಡ ಅಂದರೂ ಅದನ್ನು ಬಂದು ಹೇಳಿದರೆ ನನಗೆ ಅದು ದೊಡ್ಡದು.

ಈ ಮನೆಯ ಹನ್ನೊಂದು ತಿಂಗಳ ಅಗ್ರಿಮೆಂಟ್ ಆಗಸ್ಟ್ ಕೊನೆಗೆ ಮುಗಿಯುತ್ತದೆ. ಇಬ್ಬರೂ ಸೇರಿ ಎರಡು ರೂಮಿನ ಮನೆ ನೋಡೋಣ ಅಂತ ಯುಗಾದಿಯಿಂದ ಹೇಳುತ್ತಿದ್ದ. ಅದೊಂದು ವಿಷಯದಲ್ಲಿ ಮಾತ್ರ ಅವನಿಗೆ ತುಂಬಾ ಉತ್ಸಾಹ. ಹಬ್ಬದವರೆಗೆ ಅದನ್ನೂ ಹಾಗೇ ಬಿಟ್ಟರೆ ಮನೆ ಹುಡುಕೋಕೆ ನನಗೆ ಉಳಿಯೋದು ನಾಲ್ಕೈದು ದಿನ. ಒಂದೇ ಮನೆಗೆ ಹೋದ ಮೇಲೆ ಅಡ್ವಾನ್ಸ್ ದುಡ್ಡು, ಮಂಚ, ಗ್ಯಾಸ್ ಸಿಲಿಂಡರ್ ಎಲ್ಲ ಇಬ್ಬರದಾಗುತ್ತದೆ, ಆಮೇಲೆ ಬಿಡಿಸಿಕೊಂಡು ಬರೋದು ಕಷ್ಟ. ಮನಸ್ಸು ತೀರ್ಮಾನ ಮಾಡೋ ಮೊದಲೇ ಸಾಮಾನು ತೀರ್ಮಾನ ಮಾಡಿಬಿಡುತ್ತದೆ.

ಇವತ್ತು ಬೆಳಿಗ್ಗೆ ಓನರ್ ಆಂಟಿಗೆ ಹೇಳಿದೆ, ಇನ್ನೊಂದು ಹನ್ನೊಂದು ತಿಂಗಳು ನಾನೇ ಇರ್ತೀನಿ ಅಂತ. ಐದು ಪರ್ಸೆಂಟ್ ಬಾಡಿಗೆ ಜಾಸ್ತಿ ಅಂದರು, ಒಪ್ಪಿದೆ. ಮಧ್ಯಾಹ್ನ ಅವನಿಗೆ ಫೋನ್ ಮಾಡಿ ತಿಳಿಸಿದೆ. ಸ್ವಲ್ಪ ಹೊತ್ತು ಮಾತಿಲ್ಲ. "ಅಂದ್ರ ಕೂಡಿ ಇರೂದು ಬ್ಯಾಡ ಅಂತಿಯೇನು?" ಅಂದ.

"ಬೇಡ ಅನ್ನಲಿಲ್ಲ. ನಿಮ್ಮನೇಲಿ ಗೊತ್ತಾಗದೆ ನಿನ್ನ ಜೊತೆ ಮನೆ ಮಾಡಲ್ಲ ಅಂದೆ."

ಈ ಸಲ ಅವನು ಊಟದ ವಿಷಯ ಕೇಳಲಿಲ್ಲ. ಅಗ್ರಿಮೆಂಟ್‌ಗೆ ಸಹಿ ಯಾವತ್ತು ಅಂತ ಕೇಳಿದ. ಆಗಸ್ಟ್ ಮೊದಲ ವಾರ ಅಂದೆ. ಅದಕ್ಕೆ ಅವನು "ಹೂಂ" ಅಂದ.