42 ಚೀಲ, 42 ಕೇಜಿ

ಫೆಬ್ರವರಿ ತಿಂಗಳು, ರೊಬಸ್ಟಾ ಕಾಫಿ ಚೆರಿ ಬರುವ ಸಮಯ. ಮೂಡಿಗೆರೆ ಕಡೆಯ ನಮ್ಮ ಖರೀದಿ ಕೇಂದ್ರದಿಂದ ಬೆಳಿಗ್ಗೆ ಹತ್ತೂವರೆಗೆ ಫೋನ್ ಬಂತು. "ಮೇಡಂ, ನೀವು ಕಳಿಸಿದ ವಿಡಿಯೋದಲ್ಲಿ ಇದ್ದ ಹಾಗೇ ಮಾಡಿದೀನಿ. ರಶೀದಿಯಲ್ಲಿ 42 ಕೇಜಿ ಅಂತ ಬಂದಿದೆ. ತೋಟದವರು ಇಲ್ಲೇ ನಿಂತಿದ್ದಾರೆ."

ಬಂದಿದ್ದು 42 ಚೀಲ. ಚೀಲಕ್ಕೆ 50 ಕೇಜಿ, ಅಂದರೆ 2100 ಕೇಜಿ ಇರಬೇಕು. ರಶೀದಿ ಆಗಲೇ ಪ್ರಿಂಟ್ ಆಗಿ ಅವರ ಕೈ ಸೇರಿತ್ತು. ಕ್ಯಾನ್ಸಲ್ ಮಾಡುವ ಅಧಿಕಾರ ಕೇಂದ್ರದ ಲಾಗಿನ್‌ಗೆ ಇಲ್ಲ, ಚಿಕ್ಕಮಗಳೂರಿನ ನಮ್ಮ ಆಫೀಸಿನಿಂದಲೇ ಆಗಬೇಕು. ನಾನು ಲೈನ್ ಬಿಡದೆ ಒಂದು ಕಡೆ ಅಕೌಂಟ್ಸ್‌ನವರನ್ನು ಹುಡುಕುತ್ತಿದ್ದೆ. ಇನ್ನೊಂದು ಕಡೆ ಫೋನಿನಲ್ಲಿ ತೋಟದವರ ಮಾತು ಕೇಳಿಸುತ್ತಿತ್ತು: "ನನ್ನ ಎರಡು ಟನ್ ಕಾಫಿ ಎಲ್ಲಿ ಹೋಯ್ತು ಹಾಗಾದ್ರೆ?" ಅವರು ಜೋರು ಮಾಡುತ್ತಿರಲಿಲ್ಲ, ನಿಜವಾಗಿ ಹೆದರಿದ್ದರು. ಇಪ್ಪತ್ತು ನಿಮಿಷ ಹಿಡಿಯಿತು, ಹೊಸ ರಶೀದಿ ಬರುವ ತನಕ ಅವರು ಕೂರಲೇ ಇಲ್ಲ.

ಮೊದಲು ನನಗೆ ಬಂದ ಸಿಟ್ಟು ಫೋನ್ ಮಾಡಿದ ಕೇಂದ್ರದ ಹುಡುಗನ ಮೇಲೆ. ಯೂನಿಟ್ ನೋಡಿಕೊಳ್ಳಿ ಅಂತ ಅಷ್ಟು ಸ್ಪಷ್ಟವಾಗಿ ಹೇಳಿದ್ದೀನಲ್ಲ ಅಂದುಕೊಂಡು ಮಧ್ಯಾಹ್ನ ಕೂತು ನನ್ನದೇ ವಿಡಿಯೋ ನೋಡಿದೆ. ತಪ್ಪು ಪೂರ್ತಿ ನನ್ನದು.

ಆ ವಿಡಿಯೋ ಹುಟ್ಟಿದ್ದು ಹೀಗೆ. ಕಂಪ್ಯೂಟರಿನಲ್ಲಿ ರಶೀದಿ ಮಾಡುವುದಕ್ಕೆ ಕೇಂದ್ರದವರಿಗೆ ಪ್ರತಿ ವರ್ಷ ನಾನೇ ತರಬೇತಿ ಕೊಡುತ್ತೇನೆ, ಪವರ್‌ಪಾಯಿಂಟ್ ಇದೆ, ಪ್ರತಿ ಸ್ಲೈಡಿನ ಕೆಳಗೆ ನನ್ನ ನೋಟ್ಸ್ ಇದೆ. ಈ ಸಲ ಎಲ್ಲರನ್ನೂ ಊರಿಗೆ ಕರೆಸುವುದು ಖರ್ಚು ಅಂತ ಮೇಲಿನವರು ಹೇಳಿದರು. "ನೋಟ್ಸ್ ರೆಡಿ ಇದೆಯಲ್ಲ, ಅದನ್ನೇ ಓದಿ ಸ್ಕ್ರೀನ್ ರೆಕಾರ್ಡ್ ಮಾಡಿ, ಸಾಯಂಕಾಲ ಗ್ರೂಪಿಗೆ ಹಾಕಿ." ಒಂದು ದಿನ ಕೊಟ್ಟಿದ್ದರು. ಆ ಮಾತಿಗೆ ನಾನೂ ಒಪ್ಪಿದೆ, ಅದೇ ನೋವು. ನೋಟ್ಸ್ ಬರೆದವಳು ನಾನೇ, ಅದರಲ್ಲಿ ಏನಿಲ್ಲ ಅಂತ ನನಗಾದರೂ ಗೊತ್ತಿರಬೇಕಿತ್ತು.

ತೂಕದ ಸ್ಲೈಡಿನ ನೋಟ್ಸ್ ಹೀಗಿತ್ತು: "ಯೂನಿಟ್ ಬಗ್ಗೆ ಎಚ್ಚರ ಇರಲಿ. ಹೋದ ವರ್ಷ ತುಂಬಾ ತಪ್ಪಾಗಿದೆ. ಇದು ನೇರ ಪೇಮೆಂಟಿಗೆ ಹೋಗುತ್ತದೆ." ಇದರಲ್ಲಿ ಏನು ಒತ್ತಬೇಕು ಅಂತ ಎಲ್ಲೂ ಇಲ್ಲ. ತರಗತಿಯಲ್ಲಿ ಅದನ್ನು ನನ್ನ ಕೈ ಮಾಡುತ್ತಿತ್ತು. ಪರದೆ ಹತ್ತಿರ ಹೋಗಿ ಬೆರಳಿಟ್ಟು ತೋರಿಸುತ್ತಿದ್ದೆ, ಯಾರ ಮುಖ ಗೊಂದಲದಲ್ಲಿದೆಯೋ ಅವರಿಗೆ ಇನ್ನೊಂದು ಸಲ ಮಾಡಿಸುತ್ತಿದ್ದೆ. ವಿಡಿಯೋದಲ್ಲಿ ಆ ಬೆರಳೂ ಇಲ್ಲ, ಮುಖವೂ ಇಲ್ಲ. "ಯೂನಿಟ್ ಬಗ್ಗೆ ಎಚ್ಚರ" ಅಂತ ನನ್ನ ದನಿ ಹೇಳುವಾಗ ಕರ್ಸರ್ ಆಗಲೇ `Save` ಹತ್ತಿರ ಹೋಗಿತ್ತು.

ಇನ್ನೊಂದು ವಿಷಯ ನೋಡಿ ನಾನು ಸುಮ್ನೆ ಕೂತುಬಿಟ್ಟೆ. ರೆಕಾರ್ಡ್ ಮಾಡುವಾಗ `Unit` ಒತ್ತಿ, ಪಟ್ಟಿ ತೆರೆದು, `Bags` ಆರಿಸಿದ್ದು ನನಗೆ ಚೆನ್ನಾಗಿ ನೆನಪಿದೆ. ವಿಡಿಯೋದಲ್ಲಿ ಆ ಪಟ್ಟಿಯೇ ಇಲ್ಲ! ಸ್ಕ್ರೀನ್ ರೆಕಾರ್ಡ್ ಮಾಡುವ ಓಬಿಎಸ್ ಸಾಫ್ಟ್‌ವೇರ್‌ನಲ್ಲಿ ನಾನು `Window Capture` ಇಟ್ಟಿದ್ದೆ. ಬ್ರೌಸರಿನಲ್ಲಿ ಇಂಥ ಪಟ್ಟಿ ತೆರೆದಾಗ ವಿಂಡೋಸ್‌ಗೆ ಅದು ಬೇರೆಯೇ ಒಂದು ಚಿಕ್ಕ ಕಿಟಕಿ, ಹಾಗಾಗಿ ಒಂದೇ ಕಿಟಕಿ ಹಿಡಿಯುವ ರೆಕಾರ್ಡಿಂಗಿಗೆ ಅದು ಎಷ್ಟೋ ಸಲ ಸಿಗುವುದಿಲ್ಲ. ನೋಡುವವರಿಗೆ ಕಂಡಿದ್ದು ಇಷ್ಟೇ: ಕರ್ಸರ್ ಅಲ್ಲಿ ಒಂದು ಕ್ಷಣ ಅಲುಗಾಡಿತು, ಮುಂದೆ ಹೋಯಿತು. ಮೊದಲೇ ತುಂಬಿರುವ `Kg` ಬದಲಾಗಿದ್ದು ಫೋನಿನ ಪರದೆಯಲ್ಲಿ ಯಾರಿಗೆ ಕಾಣುತ್ತದೆ?

ಹೊಸದಾಗಿ ಮಾಡುವಾಗ ನೋಟ್ಸನ್ನು ಮೊದಲು ವರ್ಡ್‌ಗೆ ತೆಗೆದುಕೊಂಡೆ. ಪವರ್‌ಪಾಯಿಂಟಿನ `Export` ಒಳಗೆ `Create Handouts` ಇದೆ, ಸ್ಲೈಡ್ ಪಕ್ಕದಲ್ಲೇ ನೋಟ್ಸ್ ಬರುತ್ತದೆ. ಆಮೇಲೆ ಪ್ರತಿ ವಾಕ್ಯಕ್ಕೂ ಒಂದೇ ಪ್ರಶ್ನೆ: ಇದನ್ನು ಹೇಳುವಾಗ ಕರ್ಸರ್ ಎಲ್ಲಿರುತ್ತದೆ? ಉತ್ತರ ಇಲ್ಲದ ವಾಕ್ಯ ಕಾರಣ ಹೇಳುವ ವಾಕ್ಯ. ಅಂಥದ್ದನ್ನೆಲ್ಲ ಕೆಲಸ ತೋರಿಸುವ ಮೊದಲೇ ಹೇಳಿ ಮುಗಿಸಿದೆ, ಕೆಲವನ್ನು ಪೂರ್ತಿ ತೆಗೆದೆ. ಉಳಿದ ಜಾಗದಲ್ಲಿ ನೋಟ್ಸ್‌ನಲ್ಲಿ ಇಲ್ಲದ ಹೆಜ್ಜೆಗಳನ್ನು ಒಂದೊಂದಾಗಿ ಮಾಡುತ್ತಾ ಬರೆದುಕೊಂಡೆ. ಆ ಮೂರು ವಾಕ್ಯದ ನೋಟ್ಸ್ ಹೀಗಾಯಿತು:

ಮಾತು: "Quantity ಪಕ್ಕದಲ್ಲಿ Unit ಅಂತ ಇದೆ. ಈಗ ಅಲ್ಲಿ Kg ಇದೆ."
ಕರ್ಸರ್: Unit ಹತ್ತಿರ ಬಂದು ನಿಲ್ಲಬೇಕು. ಎರಡು ಸೆಕೆಂಡು ಅಲುಗಾಡಬಾರದು.

ಮಾತು: "ಅದರ ಬಾಣದ ಗುರುತನ್ನು ಒತ್ತಿ."
ಕರ್ಸರ್: "ಒತ್ತಿ" ಮುಗಿದ ಮೇಲೆ ಕ್ಲಿಕ್. ಪಟ್ಟಿ ತೆರೆದು ಹಾಗೇ ನಿಲ್ಲಲಿ.

ಮಾತು: "ಪಟ್ಟಿಯಲ್ಲಿ Bags ಆರಿಸಿ. ಕೆಳಗೆ Net Kg ನೋಡಿ. 42 ಚೀಲಕ್ಕೆ 2100 ಬಂದಿರಬೇಕು. 42 ಅಂತಲೇ ಇದ್ದರೆ Save ಒತ್ತಬೇಡಿ."
ಕರ್ಸರ್: Bags ಕ್ಲಿಕ್, ನಂತರ Net Kg ಪಕ್ಕಕ್ಕೆ. ಅಂಕಿಯ ಮೇಲೆ ಬರಬಾರದು, ಮುಚ್ಚಿಹೋಗುತ್ತದೆ.

ಬರೆಯುತ್ತಾ ಒಂದು ವಿಷಯ ಹೊಳೆಯಿತು. ಕನ್ನಡದಲ್ಲಿ ಜಾಗ ಮೊದಲು, ಕ್ರಿಯಾಪದ ಕೊನೆಗೆ ಬರುತ್ತದೆ ಅಲ್ವಾ? ಜಾಗದ ಹೆಸರು ಹೇಳುವಾಗ ಕರ್ಸರ್ ನಡೆಯಲಿ, ಕ್ರಿಯಾಪದ ಬಂದಾಗ ಕ್ಲಿಕ್ ಆಗಲಿ. ಮಾತೂ ಕೈಯೂ ಒಟ್ಟಿಗೆ ಹೋಗುತ್ತವೆ. ನನ್ನ ಹಳೆಯ ನೋಟ್ಸ್‌ನಲ್ಲಿ "ಒತ್ತಿ, ಮೇಲೆ ಇರುವ ಆ ಬಟನ್" ಅಂತ ಹಿಂದುಮುಂದಾಗಿ ಬರೆದ ಕಡೆಯೆಲ್ಲ ಕ್ಲಿಕ್ ಮಾತಿಗಿಂತ ಮೊದಲೇ ಆಗಿಹೋಗಿತ್ತು. ಬಟನ್ ಹೆಸರನ್ನೂ ಪರದೆಯಲ್ಲಿ ಇರುವ ಹಾಗೇ ಹೇಳಿದೆ. ಮೊದಲು "ಉಳಿಸಿ ಒತ್ತಿ" ಅಂದಿದ್ದೆ, ಉಳಿಸಿ ಅಂತ ಬಟನ್ ಪರದೆಯಲ್ಲಿ ಇಲ್ಲವೇ ಇಲ್ಲ.

ದನಿ ಮತ್ತು ಪರದೆಯನ್ನು ಬೇರೆ ಬೇರೆ ರೆಕಾರ್ಡ್ ಮಾಡಿದೆ. ಕರ್ಸರ್ ನಿಂತ ಚಿತ್ರವನ್ನು ಎಡಿಟಿಂಗಿನಲ್ಲಿ ಮಾತಿಗೆ ತಕ್ಕ ಹಾಗೆ ಎಳೆದು ಉದ್ದ ಮಾಡಬಹುದು, ಓಡುವ ಕರ್ಸರನ್ನು ನಿಧಾನ ಮಾಡಿದರೆ ನೋಡಲು ವಿಚಿತ್ರ. ಅದಕ್ಕೇ ಪ್ರತಿ ಕ್ಲಿಕ್ಕಿನ ಹಿಂದೆ ಮುಂದೆ ಎರಡು ಸೆಕೆಂಡು ಬಿಟ್ಟಿದ್ದು. ಓಬಿಎಸ್‌ನಲ್ಲಿ `Display Capture` ಹಾಕಿದೆ, ಆಗ ಪಟ್ಟಿ ಬಂತು. ಆದರೆ ಅದರಲ್ಲಿ ಪೂರ್ತಿ ಪರದೆ ಬರುವುದರಿಂದ ನೋಟಿಫಿಕೇಶನ್ ಎಲ್ಲ ನಿಲ್ಲಿಸಬೇಕು. ಬ್ರೌಸರನ್ನು 150% ದೊಡ್ಡದು ಮಾಡಿದೆ, ಕೇಂದ್ರದವರು ಕಂಪ್ಯೂಟರ್ ಪಕ್ಕ ಫೋನ್ ನಿಲ್ಲಿಸಿಕೊಂಡು ನೋಡುತ್ತಾರೆ.

ನಾಲ್ಕು ನಿಮಿಷದ ವಿಡಿಯೋಗೆ ಮೂರು ದಿನ ಹಿಡಿಯಿತು. ಇದನ್ನು ಮೇಲಿನವರಿಗೆ ನೇರವಾಗಿಯೇ ಹೇಳಿದೆ. ಒಂದು ದಿನದ ಕೆಲಸ ಇದಲ್ಲ, ಇನ್ನೊಂದು ಸಲ ಹಾಗೆ ಕೇಳಬೇಡಿ ಅಂದೆ. ಗ್ರೂಪಿಗೆ ಹಾಕುವ ಮೊದಲು ಆಫೀಸಿಗೆ ಹೊಸದಾಗಿ ಸೇರಿದ್ದ ಹುಡುಗಿಯನ್ನು ಕೂರಿಸಿ, ನಾನು ಬಾಯಿ ಬಿಡದೆ ಪಕ್ಕದಲ್ಲಿ ಕೂತೆ. ಅವಳು ಒಂದೇ ಕಡೆ ನಿಂತಳು. ಅಂಕಿ ಹಾಕಿದ ಮೇಲೆ ನಾನು `Tab` ಒತ್ತಿದ್ದೆ, ಹೇಳಿರಲಿಲ್ಲ. ಕೀಲಿ ಒತ್ತಿದ್ದು ವಿಡಿಯೋದಲ್ಲಿ ಕಾಣುವುದಿಲ್ಲವಲ್ಲ. ಆ ಒಂದು ಸಾಲು ಸೇರಿಸಿ ಕಳಿಸಿದೆ.

ಮೂಡಿಗೆರೆಯ ಹುಡುಗನಿಗೆ ನಾನೇ ಫೋನ್ ಮಾಡಿ, ತಪ್ಪು ನಿನ್ನದಲ್ಲಪ್ಪಾ, ವಿಡಿಯೋದಲ್ಲೇ ಪಟ್ಟಿ ಇರಲಿಲ್ಲ ಅಂತ ಹೇಳಿದೆ. ಈಗಿರುವ ಚಿಂತೆ ಹಳೆಯ ವಿಡಿಯೋದ್ದು. ಗ್ರೂಪಿನಿಂದ ತೆಗೆದಿದ್ದೇನೆ, ಆದರೆ ಎಷ್ಟೋ ಫೋನ್‌ಗಳಲ್ಲಿ ಅದು ಇನ್ನೂ ಕೂತಿದೆ. ಹೊಸದರ ಮೊದಲ ಚಿತ್ರದಲ್ಲೇ ತಾರೀಖು ದೊಡ್ಡದಾಗಿ ಹಾಕಿದ್ದೇನೆ. ಪ್ರತಿ ಕೇಂದ್ರಕ್ಕೂ ಫೋನ್ ಮಾಡಿ, ನಿಮ್ಮ ವಿಡಿಯೋದಲ್ಲಿ ತಾರೀಖು ಇದೆಯಾ ಅಂತ ಕೇಳುತ್ತಿದ್ದೇನೆ. ಇನ್ನೂ ನಾಲ್ಕು ಕೇಂದ್ರ ಬಾಕಿ.