ಒಡೆದ ಕಿಟಕಿ ಮತ್ತು ಸಿಕ್ಕಿಬೀಳುವ ಭಯ

“ಸರ್, ಸಣ್ಣಪುಟ್ಟ ತಪ್ಪುಗಳನ್ನೇ ಬಿಗಿಯಾಗಿ ಹಿಡಿದರೆ ದೊಡ್ಡ ಅಪರಾಧ ತಾನಾಗಿ ಇಳಿಯುತ್ತೆ ಅಲ್ವಾ? ನ್ಯೂಯಾರ್ಕ್‌ನಲ್ಲಿ ಹಾಗೇ ಆಯ್ತಂತಲ್ಲ?”

ಇಳಿದದ್ದು ನಿಜ, ಆದರೆ ಇಳಿಸಿದ್ದು ಅದೇ ಎಂದು ಹೇಳಲು ಸಾಕಷ್ಟು ಪುರಾವೆಯಿಲ್ಲ. ಮೈಸೂರಿನಲ್ಲಿ ಅಪರಾಧಶಾಸ್ತ್ರ ಓದುತ್ತಿರುವವರ ಪ್ರಬಂಧಗಳಲ್ಲಿ ಎರಡು ಸಿದ್ಧಾಂತಗಳು ಕಲಸಿಹೋಗಿರುವುದನ್ನು ಪದೇಪದೇ ಕಾಣುತ್ತೇನೆ, ಆದ್ದರಿಂದ ಅವನ್ನು ಬಿಡಿಸಿಯೇ ಮುಂದುವರಿಯುತ್ತೇನೆ.

1764ರಲ್ಲಿ ಇಟಲಿಯ ಚಿಂತಕ ಬೆಕ್ಕಾರಿಯಾ ಮಂಡಿಸಿದ ಪ್ರತಿಬಂಧಕ ಸಿದ್ಧಾಂತ ಅಪರಾಧ ಮಾಡಹೊರಟವನ ಲೆಕ್ಕಾಚಾರವನ್ನು ಕುರಿತದ್ದು. ಶಿಕ್ಷೆ ಎಷ್ಟು ಘೋರ ಎಂಬುದಕ್ಕಿಂತ ಸಿಕ್ಕಿಬೀಳುವುದು ಎಷ್ಟು ಖಚಿತ ಎಂಬುದೇ ಅವನನ್ನು ತಡೆಯುತ್ತದೆ ಎಂಬುದನ್ನು ಇತ್ತೀಚಿನ ಅಧ್ಯಯನಗಳೂ ಬಹುಮಟ್ಟಿಗೆ ಒಪ್ಪುತ್ತವೆ. ದೇವರಾಜ ಅರಸು ರಸ್ತೆಯಲ್ಲಿ ಪೊಲೀಸರು ತಪಾಸಣೆಗೆ ನಿಂತದ್ದು ದೂರದಿಂದ ಕಂಡೊಡನೆ, ಮೊಣಕೈಗೆ ನೇತುಬಿದ್ದಿದ್ದ ಹೆಲ್ಮೆಟ್ ಸವಾರನ ತಲೆಗೇರುತ್ತದೆ. ಎರಡು ತಿರುವು ಕಳೆದ ಮೇಲೆ ಮತ್ತೆ ಕೈಗಿಳಿಯುತ್ತದೆ. ದಂಡದ ಮೊತ್ತ ಎರಡೂ ಕಡೆ ಒಂದೇ, ಬದಲಾದದ್ದು ಸಿಕ್ಕಿಬೀಳುವ ಸಂಭವ ಮಾತ್ರ.

1982ರಲ್ಲಿ ಅಮೆರಿಕದ ವಿದ್ವಾಂಸರಾದ ವಿಲ್ಸನ್ ಮತ್ತು ಕೆಲ್ಲಿಂಗ್ ಬರೆದ ಒಡೆದ ಕಿಟಕಿಗಳ ವಾದ ಸುತ್ತುದಾರಿಯದು. ದುರಸ್ತಿ ಕಾಣದ ಕಿಟಕಿ, ಬೀದಿಯ ಕುಡುಕರು, ಗೋಡೆಯ ಗೀಚುಗಳನ್ನು ಕಂಡ ನಿವಾಸಿಗಳು ಅಂಜಿ ಮನೆ ಸೇರುತ್ತಾರೆ, ಕೇಳುವವರಿಲ್ಲದ ಆ ಬೀದಿಗೆ ಅಪರಾಧಿಗಳು ಬರುತ್ತಾರೆ ಎಂದು ಅದು ಹೇಳುತ್ತದೆ. ಅವರು ಆಧಾರವಾಗಿ ತೋರಿದ, ನ್ಯೂಜೆರ್ಸಿಯ ನ್ಯೂವರ್ಕ್ ನಗರದ ಕಾಲ್ನಡಿಗೆ ಗಸ್ತಿನ ಪ್ರಯೋಗದಲ್ಲಿ ಜನರ ಭಯ ತಗ್ಗಿತೇ ಹೊರತು ಅಪರಾಧ ತಗ್ಗಲಿಲ್ಲ, ಇದನ್ನು ಅವರೇ ಬರೆದಿದ್ದಾರೆ!

ಇನ್ನು ನ್ಯೂಯಾರ್ಕ್. 1990ರ ದಶಕದಲ್ಲಿ ಅಲ್ಲಿನ ಪೊಲೀಸರು ಈ ಕಿಟಕಿಯ ವಾದವನ್ನು ನೆಚ್ಚಿ ಸಣ್ಣ ತಪ್ಪುಗಳಿಗೂ ಬಂಧಿಸತೊಡಗಿದರು, ಅಪರಾಧವೂ ಇಳಿಯಿತು. ಸಣ್ಣ ಅಪರಾಧಗಳ ಬಂಧನ ಹೆಚ್ಚಿದ ಠಾಣೆಗಳ ವ್ಯಾಪ್ತಿಯಲ್ಲಿ ಹಿಂಸಾಚಾರ ಹೆಚ್ಚು ಇಳಿಯಿತೆಂದು 2001ರಲ್ಲಿ ಕೆಲ್ಲಿಂಗ್ ಮತ್ತು ಸೌಸಾ ತೋರಿಸಿದರು. 2006ರಲ್ಲಿ ಹಾರ್ಕೋರ್ಟ್ ಮತ್ತು ಲುಡ್ವಿಗ್ ಅದೇ ಮಾಹಿತಿಯನ್ನು ಮತ್ತೆ ಪರಿಶೀಲಿಸಿದಾಗ ಬೇರೆ ಚಿತ್ರವೇ ಕಂಡಿತು. 1980ರ ದಶಕದ ಕ್ರ್ಯಾಕ್ ಕೊಕೇನ್ ಎಂಬ ಮಾದಕವಸ್ತುವಿನ ಹಾವಳಿಯಲ್ಲಿ ಹಿಂಸೆ ಅತಿಯಾಗಿ ಏರಿದ್ದ ಪ್ರದೇಶಗಳಲ್ಲೇ ಪೊಲೀಸರು ಹೆಚ್ಚು ಬಂಧನ ನಡೆಸಿದ್ದರು, ಮತ್ತು ಅತಿಯಾಗಿ ಏರಿದ ಕಡೆಯೇ, ಹಾವಳಿ ಅಡಗಿದಂತೆ, ಹೆಚ್ಚು ಇಳಿದಿತ್ತು. ಆ ಏರಿಕೆಯನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಬಂಧನಕ್ಕೆ ಸಲ್ಲಬೇಕಾದ ಶ್ರೇಯ ಉಳಿಯುವುದೇ ಇಲ್ಲ. ಸ್ಯಾನ್ ಡಿಯಾಗೋದಲ್ಲಿ ಅಂಥ ಬಂಧನಗಳ ಭರಾಟೆಯಿಲ್ಲದೆಯೂ ಅದೇ 1990ರ ದಶಕದಲ್ಲಿ ಅಪರಾಧ ಗಣನೀಯವಾಗಿ ಇಳಿಯಿತು.

ಇನ್ನೊಂದು ಸೂಕ್ಷ್ಮವಿದೆ. ನ್ಯೂಯಾರ್ಕ್‌ನ ಸುರಂಗ ರೈಲಿನಲ್ಲಿ ಟಿಕೆಟ್ ಇಲ್ಲದೆ ಸಿಕ್ಕವರ ಪೈಕಿ ಕೆಲವರ ಬಳಿ ಆಯುಧ ಸಿಕ್ಕಿತು, ಕೆಲವರ ಮೇಲೆ ಹಳೆಯ ವಾರಂಟ್ ಇತ್ತು. ಇದರಿಂದ ಅಪರಾಧ ಇಳಿದಿದ್ದರೂ ಅದು ಬೀದಿಯ ಶಿಸ್ತು ಮರಳಿದ್ದರಿಂದಲ್ಲ, ಆಯುಧ ಹೊತ್ತವನಿಗೆ ಸಿಕ್ಕಿಬೀಳುವ ಸಂಭವ ಹೆಚ್ಚಿದ್ದರಿಂದ. ಅಂದರೆ ಗೆದ್ದದ್ದು ಬೆಕ್ಕಾರಿಯಾನ ವಾದ. ಪ್ರಬಂಧದಲ್ಲಿ ಇದನ್ನು ಕಿಟಕಿಯ ಖಾತೆಗೆ ಬರೆದರೆ ನಾನು ಅಂಕ ಕಳೆಯುತ್ತೇನೆ.

ಹಾಗೆಂದು ಬೀದಿಯ ಅವ್ಯವಸ್ಥೆಯನ್ನು ಕಡೆಗಣಿಸಬೇಕೆಂದಲ್ಲ. ಬ್ರಾಗಾ ಮತ್ತು ಸಂಗಡಿಗರು 2015ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ನಿವಾಸಿಗಳ ಜೊತೆಗೂಡಿ ನಿರ್ದಿಷ್ಟ ಜಾಗದ ನಿರ್ದಿಷ್ಟ ಸಮಸ್ಯೆಯನ್ನು ಬಗೆಹರಿಸಿದ ಕಡೆ ಅಪರಾಧ ಇಳಿದಿತ್ತು. ಕಂಡಕಂಡವರನ್ನು ಹಿಡಿದು ಹಾಕಿದ ಕಡೆ ಗಮನಾರ್ಹ ಪರಿಣಾಮ ಕಾಣಲಿಲ್ಲ.